ಗಂಡಸರು ಹೆಚ್ಚು ಎತ್ತರ ಯಾಕೆ? ಹೊಸ ಜೀನ್ ಸುದ್ದಿ ಮತ್ತು ಹಳೆಯ ಹಾರ್ಮೋನ್ ಕಥೆ

2025ರ ಮೇ ತಿಂಗಳಲ್ಲಿ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಗಂಡಸರು ಹೆಂಗಸರಿಗಿಂತ ಎತ್ತರ ಇರುವುದಕ್ಕೆ ಕಾರಣ ಸಿಕ್ಕಿದೆ, ಅದು ‘ಶಾಕ್ಸ್’ ಎಂಬ ಜೀನ್ ಎಂದು ಹಲವು ತಲೆಬರಹಗಳು ಹೇಳಿದವು. ಓದಿದವರಿಗೆ ಗೊಂದಲವಾಗಿದ್ದು ಸಹಜ. ಶಾಲೆಯಲ್ಲಿ ಕಲಿತದ್ದು ಹಾರ್ಮೋನಿನ ಪಾಠ. ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಇದೆ, ಅದು ಬೆಳೆಸುತ್ತದೆ, ಅಷ್ಟೇ ಅಲ್ವಾ? ಈಗ ಜೀನ್ ಅಂದರೆ ಆ ಪಾಠ ತಪ್ಪಾ?

ಹಾರ್ಮೋನಿನ ಪಾಠ ತಪ್ಪಲ್ಲ, ಆದರೆ ನಮ್ಮ ತಲೆಯಲ್ಲಿರುವ ರೂಪದಲ್ಲಿ ಅದು ಅರ್ಧಂಬರ್ಧ. ಎತ್ತರದ ವಿಷಯದಲ್ಲಿ ಮುಖ್ಯ ಪಾತ್ರ ಈಸ್ಟ್ರೋಜನ್‌ನದು. ಹುಡುಗಿಯರಲ್ಲಿ ಮಾತ್ರವಲ್ಲ, ಹುಡುಗರಲ್ಲೂ ಅದೇ. ಇದನ್ನು ಹಿಡಿದುಕೊಂಡರೆ ಹೊಸ ಸುದ್ದಿ ಎಲ್ಲಿ ಕೂರುತ್ತದೆ ಎನ್ನುವುದೂ ತಾನಾಗಿ ತಿಳಿಯುತ್ತದೆ.

ಸುದ್ದಿಯ ಹಿಂದಿನ ಅಧ್ಯಯನ

ಅಮೆರಿಕದ ಗೈಸಿಂಗರ್ ಎಂಬ ಆರೋಗ್ಯ ಸಂಸ್ಥೆಯ ಸಂಶೋಧಕರು ಬ್ರಿಟನ್ ಮತ್ತು ಅಮೆರಿಕದ ಮೂರು ದೊಡ್ಡ ಆರೋಗ್ಯ ದತ್ತಾಂಶ ಸಂಗ್ರಹಗಳನ್ನು ಜಾಲಾಡಿದರು. ಒಟ್ಟು 9 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ. ಸಾಮಾನ್ಯವಾಗಿ ಹೆಂಗಸರಲ್ಲಿ ಎರಡು ಎಕ್ಸ್ ವರ್ಣತಂತು ಇರುತ್ತವೆ, ಗಂಡಸರಲ್ಲಿ ಒಂದು ಎಕ್ಸ್ ಮತ್ತು ಒಂದು ವೈ. ಕೆಲವರಿಗೆ ಮಾತ್ರ ಹುಟ್ಟಿನಿಂದಲೇ ಒಂದು ಹೆಚ್ಚು ಅಥವಾ ಒಂದು ಕಡಿಮೆ ಇರುತ್ತದೆ. ಅಂಥವರು ಸುಮಾರು 1,200 ಮಂದಿ ಆ ಸಂಗ್ರಹಗಳಲ್ಲಿ ಸಿಕ್ಕರು.

ಹೆಚ್ಚುವರಿ ಎಕ್ಸ್ ಇದ್ದರೆ ಎತ್ತರ ಎಷ್ಟು ಏರುತ್ತದೆ, ಹೆಚ್ಚುವರಿ ವೈ ಇದ್ದರೆ ಎಷ್ಟು ಎಂದು ಹೋಲಿಸಿ ನೋಡಿದಾಗ, ವೈ ಕೊಡುವ ಎತ್ತರ ಎಕ್ಸ್ ಕೊಡುವುದಕ್ಕಿಂತ ಸುಮಾರು 3.1 ಸೆಂ.ಮೀ. ಜಾಸ್ತಿ ಎಂದು ಕಂಡುಬಂತು. ಇದಕ್ಕೆ ಶಾಕ್ಸ್ ಜೀನ್ ಕಾರಣ ಎನ್ನುವುದು ಅವರ ವಾದ. ಹೆಣ್ಣು ಗಂಡಿನ ಸರಾಸರಿ ಎತ್ತರದ ಅಂತರದಲ್ಲಿ ಇದರ ಪಾಲು ಶೇಕಡಾ 22.6 ಎಂದು ಅವರೇ ಲೆಕ್ಕ ಹಾಕಿದರು.

ತಲೆಬರಹ ನುಂಗಿ ಹಾಕಿದ್ದು ಈ ಕೊನೆಯ ಅಂಕಿಯನ್ನು. ಕಾಲು ಭಾಗಕ್ಕೂ ಕಡಿಮೆ! ಉಳಿದ ಮುಕ್ಕಾಲು ಭಾಗಕ್ಕೂ ಹೆಚ್ಚಿನದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ಅಧ್ಯಯನ ಮಾಡಿದವರು ಅದನ್ನು ಮುಚ್ಚಿಟ್ಟಿರಲಿಲ್ಲ. ದೊಡ್ಡ ಪಾಲು ಹಾರ್ಮೋನುಗಳದ್ದು ಎಂಬ ತಿಳಿವಳಿಕೆಯನ್ನು ಈ ಅಧ್ಯಯನ ಅಲ್ಲಗಳೆಯುವುದೂ ಇಲ್ಲ.

ಮಕ್ಕಳ ಡಾಕ್ಟರ್ ಲೆಕ್ಕದಲ್ಲಿರುವ 13

ಅಂತರ ಎಷ್ಟು ಎಂದು ಮೊದಲು ನೋಡೋಣ. ಮಕ್ಕಳ ಡಾಕ್ಟರುಗಳು ಮಗು ಎಷ್ಟು ಎತ್ತರ ಬೆಳೆಯಬಹುದು ಎಂದು ಅಂದಾಜು ಮಾಡಲು ಒಂದು ಸರಳ ಲೆಕ್ಕ ಬಳಸುತ್ತಾರೆ. ಅಪ್ಪ ಅಮ್ಮನ ಎತ್ತರ ಕೂಡಿಸಿ, ಗಂಡುಮಗು ಆದರೆ ಅದಕ್ಕೆ 13 ಸೇರಿಸಿ ಎರಡರಿಂದ ಭಾಗಿಸುವುದು. ಹೆಣ್ಣುಮಗು ಆದರೆ 13 ಕಳೆದು ಭಾಗಿಸುವುದು. ಅಪ್ಪ 168 ಸೆಂ.ಮೀ., ಅಮ್ಮ 154 ಸೆಂ.ಮೀ. ಅಂದುಕೊಳ್ಳಿ. ಕೂಡಿಸಿದರೆ 322. ಮಗನಿಗೆ 335ರ ಅರ್ಧ, ಅಂದರೆ 167.5. ಮಗಳಿಗೆ 309ರ ಅರ್ಧ, ಅಂದರೆ 154.5. ಇದರ ಆಚೀಚೆ ಎಂಟು ಸೆಂ.ಮೀ.ವರೆಗೆ ಹೋದರೂ ಅಚ್ಚರಿಯಿಲ್ಲ. ಒಂದೇ ಅಪ್ಪ ಅಮ್ಮನ ಮಕ್ಕಳು, ಆದರೂ ನಿರೀಕ್ಷೆಯಲ್ಲಿ 13 ಸೆಂ.ಮೀ. ವ್ಯತ್ಯಾಸ. ಆ 13 ಬಂದಿರುವುದು ಗಂಡಸರ ಮತ್ತು ಹೆಂಗಸರ ಸರಾಸರಿಯ ಅಂತರದಿಂದಲೇ.

ಭಾರತದ ಸರಾಸರಿಯೂ ಇದಕ್ಕೆ ಹತ್ತಿರವೇ ಇದೆ. ಜಗತ್ತಿನ ದೇಶಗಳ ಎತ್ತರವನ್ನು ಹೋಲಿಸಿದ 2016ರ ಒಂದು ದೊಡ್ಡ ಅಧ್ಯಯನದ ಪ್ರಕಾರ, 1996ರಲ್ಲಿ ಹುಟ್ಟಿದ ಭಾರತೀಯ ಗಂಡಸರ ಸರಾಸರಿ ಸುಮಾರು 165 ಸೆಂ.ಮೀ., ಹೆಂಗಸರದು ಸುಮಾರು 153. ನೆದರ್ಲೆಂಡ್ಸ್‌ನ ಗಂಡಸರು ಸುಮಾರು 182.5, ಹೆಂಗಸರು ಸುಮಾರು 169. ಅಂದರೆ ಅಲ್ಲಿನ ಸರಾಸರಿ ಹೆಂಗಸು ಇಲ್ಲಿನ ಸರಾಸರಿ ಗಂಡಸಿಗಿಂತ ಎತ್ತರ.

ಇಲ್ಲಿ ಒಂದು ವಾದವನ್ನು ಪರೀಕ್ಷಿಸಬಹುದು. ಹೆಣ್ಣುಮಕ್ಕಳಿಗೆ ಮನೆಯಲ್ಲಿ ಕಡಿಮೆ ಊಟ, ಕಡಿಮೆ ಪೌಷ್ಟಿಕಾಂಶ, ಅದಕ್ಕೇ ಅವರು ಕುಳ್ಳಾಗುತ್ತಾರೆ ಎನ್ನುವವರಿದ್ದಾರೆ. ಆ ತಾರತಮ್ಯ ನಿಜ, ಅದರಿಂದ ಎಷ್ಟೋ ಹೆಣ್ಣುಮಕ್ಕಳು ತಮ್ಮ ಪೂರ್ತಿ ಎತ್ತರ ಮುಟ್ಟುವುದಿಲ್ಲ ಎನ್ನುವುದೂ ನಿಜ. ಆದರೆ ಹೆಣ್ಣು ಗಂಡಿನ ನಡುವಿನ ಅಂತರಕ್ಕೇ ಅದು ಮೂಲ ಕಾರಣ ಆಗಿದ್ದರೆ, ಎಲ್ಲರಿಗೂ ಹೊಟ್ಟೆತುಂಬ ಸಿಗುವ ದೇಶದಲ್ಲಿ ಅಂತರ ಕಿರಿದಾಗಬೇಕಿತ್ತು. ನೆದರ್ಲೆಂಡ್ಸ್‌ನಲ್ಲಿ ಅದು ಕಿರಿದಾಗಿಲ್ಲ, ಸ್ವಲ್ಪ ದೊಡ್ಡದೇ ಇದೆ. ಊಟ ಮತ್ತು ಆರೋಗ್ಯ ಚೆನ್ನಾಗಿದ್ದರೆ ಇಬ್ಬರೂ ಮೇಲೇರುತ್ತಾರೆ. ಇಬ್ಬರ ನಡುವಿನ ಅಂತರ ಬೇರೆ ಕಡೆಯಿಂದ ಬರುತ್ತದೆ.

ಎಲುಬು ಉದ್ದ ಆಗುವುದು ಎಲ್ಲಿ

ತೊಡೆಯ ಎಲುಬು ರಬ್ಬರಿನಂತೆ ಇಡಿಯಾಗಿ ಹಿಗ್ಗುವುದಿಲ್ಲ. ಅದರ ಎರಡೂ ತುದಿಯ ಹತ್ತಿರ ಒಂದು ತೆಳು ಪಟ್ಟಿ ಇರುತ್ತದೆ, ಕಾರ್ಟಿಲೇಜ್ ಎಂಬ ಮೆತ್ತನೆಯ ವಸ್ತುವಿನದು. ಡಾಕ್ಟರುಗಳು ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಆ ಪಟ್ಟಿಯೊಳಗೆ ಜೀವಕೋಶಗಳು ಸಾಲುಸಾಲಾಗಿ ನಿಂತಿರುತ್ತವೆ. ಅವು ಒಡೆದು ಎರಡಾಗುತ್ತವೆ, ಉಬ್ಬುತ್ತವೆ, ಕೊನೆಗೆ ಸಾಯುತ್ತವೆ. ಅವು ಬಿಟ್ಟುಹೋದ ಜಾಗದಲ್ಲಿ ಗಟ್ಟಿ ಎಲುಬು ಕೂರುತ್ತದೆ. ಹೀಗೆ ಪಟ್ಟಿಯ ಒಂದು ಬದಿಯಲ್ಲಿ ಹೊಸ ಎಲುಬು ಸೇರುತ್ತಾ ಹೋದಂತೆ ಕಾಲು ಉದ್ದವಾಗುತ್ತದೆ.

ಈ ಕೋಶಗಳಿಗೆ ಒಡೆಯುವ ಶಕ್ತಿ ಶಾಶ್ವತವಲ್ಲ. ಒಡೆದಷ್ಟೂ ಅವು ಮುದಿಯಾಗುತ್ತವೆ. ಶಕ್ತಿ ಪೂರ್ತಿ ತೀರಿದಾಗ ಪಟ್ಟಿಯೇ ಎಲುಬಾಗಿ ಬೆಸೆದುಹೋಗುತ್ತದೆ. ಬೆಸೆದ ಮೇಲೆ ಯಾವ ಔಷಧಿಯಿಂದಲೂ ಆ ಎಲುಬು ಉದ್ದವಾಗುವುದಿಲ್ಲ. ಎಡಗೈಯ ಎಕ್ಸ್‌ರೇ ತೆಗೆದು ಮಗುವಿನ ‘ಎಲುಬಿನ ವಯಸ್ಸು’ ಹೇಳುವುದು ಇದರಿಂದಲೇ. ಬೆರಳು ಮತ್ತು ಮಣಿಕಟ್ಟಿನ ಎಲುಬುಗಳಲ್ಲಿ ಪಟ್ಟಿಗಳು ಕಪ್ಪು ಗೆರೆಗಳಂತೆ ಕಾಣುತ್ತವೆ. ಯಾವುದು ಇನ್ನೂ ತೆರೆದಿದೆ, ಯಾವುದು ಮುಚ್ಚಿದೆ ಎಂದು ನೋಡಿ, ಮಾದರಿ ಚಿತ್ರಗಳಿಗೆ ಹೋಲಿಸುತ್ತಾರೆ.

ಈಸ್ಟ್ರೋಜನ್ ಕೆಲಸ ಮಾಡುವುದು ಇಲ್ಲೇ, ಅದೂ ಎರಡು ಬಗೆಯಲ್ಲಿ. ಹದಿವಯಸ್ಸಿನ ಆರಂಭದಲ್ಲಿ ಅದರ ಪ್ರಮಾಣ ತೀರ ಕಡಿಮೆ. ಆಗ ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನ್ ಜಾಸ್ತಿ ಸುರಿಯುವಂತೆ ಮಾಡುತ್ತದೆ. ಮಗು ಸರಸರನೆ ಉದ್ದವಾಗುತ್ತದೆ. ಪ್ರಮಾಣ ಏರುತ್ತಾ ಹೋದಂತೆ ಅದೇ ಈಸ್ಟ್ರೋಜನ್ ಗ್ರೋತ್ ಪ್ಲೇಟಿನ ಕೋಶಗಳು ಬೇಗ ಮುದಿಯಾಗುವಂತೆ ಮಾಡಿ, ಪಟ್ಟಿ ಬೆಸೆಯುವ ದಿನವನ್ನು ಹತ್ತಿರಕ್ಕೆ ತರುತ್ತದೆ. ದೀಪದ ಬತ್ತಿ ಏರಿಸಿದರೆ ಬೆಳಕು ಜಾಸ್ತಿ, ಎಣ್ಣೆ ಬೇಗ ಖಾಲಿ. ಹದಿವಯಸ್ಸಿನ ಎತ್ತರ ಆಗುವುದು ಹೀಗೆ.

ಹುಡುಗಿಯರು ಮೊದಲು, ಹುಡುಗರು ಆಮೇಲೆ

ಹತ್ತು ವರ್ಷದವರೆಗೆ ಹುಡುಗ ಹುಡುಗಿಯರ ಸರಾಸರಿ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಆರು, ಏಳನೇ ಕ್ಲಾಸಿನ ಗ್ರೂಪ್ ಫೋಟೋ ತೆಗೆದು ನೋಡಿ, ಹಿಂದಿನ ಸಾಲಿನಲ್ಲಿ ನಿಂತ ಎತ್ತರದವರಲ್ಲಿ ಹುಡುಗಿಯರೇ ಜಾಸ್ತಿ. ಆ ವಯಸ್ಸಿಗೆ ಅವರ ಓಟ ಶುರುವಾಗಿರುತ್ತದೆ, ಹುಡುಗರದ್ದು ಇನ್ನೂ ಇಲ್ಲ.

ಹುಡುಗಿಯರು ಅತಿ ವೇಗವಾಗಿ ಬೆಳೆಯುವುದು ಸುಮಾರು 12ನೇ ವಯಸ್ಸಿನಲ್ಲಿ, ಹುಡುಗರು ಸುಮಾರು 14ರಲ್ಲಿ. ಎರಡು ವರ್ಷದ ಅಂತರ. ಆದರೆ ಗಮನಿಸಬೇಕಾದ್ದು ಇನ್ನೊಂದಿದೆ. ದೇಹದ ಮೊದಲ ಬದಲಾವಣೆಗಳಲ್ಲಿ ಅಷ್ಟು ಅಂತರ ಇಲ್ಲ. ಹುಡುಗರಲ್ಲಿ ಅವು ಹುಡುಗಿಯರಿಗಿಂತ ಹೆಚ್ಚೆಂದರೆ ಒಂದು ವರ್ಷ ತಡವಾಗಿ ಶುರುವಾಗುತ್ತವೆ. ಹಾಗಾದರೆ ಎತ್ತರದ ಓಟ ಮಾತ್ರ ಯಾಕೆ ಎರಡು ವರ್ಷ ತಡ?

ಹುಡುಗಿಯರಲ್ಲಿ ಅಂಡಾಶಯ ನೇರವಾಗಿ ಈಸ್ಟ್ರೋಜನ್ ತಯಾರಿಸುತ್ತದೆ. ಪ್ರೌಢಾವಸ್ಥೆ ಶುರುವಾದ ಕೂಡಲೇ ಅದು ರಕ್ತಕ್ಕೆ ಬರುತ್ತದೆ, ಎಲುಬು ಓಡಲು ತೊಡಗುತ್ತದೆ. ಹುಡುಗರಲ್ಲಿ ವೃಷಣಗಳು ಮೊದಲು ಟೆಸ್ಟೋಸ್ಟೆರಾನ್ ತಯಾರಿಸಬೇಕು. ಅದರ ಪ್ರಮಾಣ ಒಂದು ಮಟ್ಟಕ್ಕೆ ಏರಬೇಕು. ಆಮೇಲೆ ಅರೊಮಾಟೇಸ್ ಎಂಬ ಕಿಣ್ವ ಅದರಲ್ಲಿ ಒಂದು ಪಾಲನ್ನು ಈಸ್ಟ್ರೋಜನ್ ಆಗಿ ಬದಲಿಸಬೇಕು. ಈ ಕಿಣ್ವ ಕೊಬ್ಬಿನಲ್ಲಿ, ಎಲುಬಿನಲ್ಲಿ, ಬೇರೆ ಬೇರೆ ಅಂಗಗಳಲ್ಲಿ ಇರುತ್ತದೆ. ಈ ದಾರಿ ಸುತ್ತುಬಳಸಿನದು. ಆದ್ದರಿಂದ ಹುಡುಗರ ಎಲುಬಿಗೆ ಸಾಕಷ್ಟು ಈಸ್ಟ್ರೋಜನ್ ತಲುಪುವ ಹೊತ್ತಿಗೆ ಪ್ರೌಢಾವಸ್ಥೆ ಅರ್ಧ ದಾರಿ ದಾಟಿರುತ್ತದೆ.

ಈ ತಡದಿಂದ ಹುಡುಗರಿಗೆ ಲಾಭ. ಓಟ ಶುರುವಾಗುವ ಮುಂಚಿನ ವರ್ಷಗಳಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತಾರೆ. ಹುಡುಗರಿಗೆ ಆ ನಿಧಾನದ ಬೆಳವಣಿಗೆ ಇನ್ನೂ ಎರಡು ವರ್ಷ ಸಿಗುತ್ತದೆ. ಹೀಗಾಗಿ ಅವರು ಓಟ ಆರಂಭಿಸುವಾಗಲೇ, ಹುಡುಗಿಯರು ಆರಂಭಿಸಿದ್ದ ಎತ್ತರಕ್ಕಿಂತ ಸಾಕಷ್ಟು ಮೇಲಿರುತ್ತಾರೆ. ಕೊನೆಯ 13 ಸೆಂ.ಮೀ. ಅಂತರದಲ್ಲಿ ಸರಿಸುಮಾರು ಅರ್ಧ ಬರುವುದು ಇಲ್ಲಿಂದ. ಉಳಿದದ್ದರಲ್ಲಿ ಹೆಚ್ಚಿನದು ಬರುವುದು ಓಟದ ಬಿರುಸಿನಿಂದ. ಹುಡುಗರು ಅತಿ ವೇಗದ ಹೊತ್ತಿನಲ್ಲಿ ವರ್ಷಕ್ಕೆ 9ರಿಂದ 10 ಸೆಂ.ಮೀ. ಏರಿದರೆ, ಹುಡುಗಿಯರು ಅದಕ್ಕಿಂತ ಒಂದು ಸೆಂ.ಮೀ.ಗೂ ಸ್ವಲ್ಪ ಜಾಸ್ತಿ ಹಿಂದೆ ಇರುತ್ತಾರೆ.

ಮೈನೆರೆದ ಮೇಲೆ ಹೆಣ್ಣುಮಕ್ಕಳು ಬೆಳೆಯುವುದಿಲ್ಲ ಎಂದು ಮನೆಗಳಲ್ಲಿ ಹೇಳುತ್ತಾರೆ. ಅದು ಮುಕ್ಕಾಲು ಸರಿ. ಮೊದಲ ಮುಟ್ಟು ಬರುವುದು ಓಟದ ಅತಿ ವೇಗದ ಹೊತ್ತು ದಾಟಿದ ಮೇಲೆ. ಆಗ ಈಸ್ಟ್ರೋಜನ್ ಪ್ರಮಾಣ ಆಗಲೇ ಸಾಕಷ್ಟು ಏರಿರುತ್ತದೆ. ಆಮೇಲೂ ಸರಾಸರಿ 5ರಿಂದ 7 ಸೆಂ.ಮೀ. ಬೆಳವಣಿಗೆ ಬಾಕಿ ಇರುತ್ತದೆ, ಆದರೆ ಪಟ್ಟಿಗಳು ಮುಚ್ಚುವ ಹಾದಿಯಲ್ಲಿರುತ್ತವೆ. 15, 16ರ ಹೊತ್ತಿಗೆ ಬಹುತೇಕ ಹುಡುಗಿಯರ ಎತ್ತರ ಮುಗಿದಿರುತ್ತದೆ. ಹುಡುಗರದು ಸಾಮಾನ್ಯವಾಗಿ 17, 18ಕ್ಕೆ ಮುಗಿಯುತ್ತದೆ.

ಬೆಳವಣಿಗೆ ನಿಲ್ಲದ ಒಬ್ಬ ಗಂಡಸು

ಹುಡುಗರಲ್ಲೂ ಈಸ್ಟ್ರೋಜನ್‌ನದೇ ಕೆಲಸ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುವುದು? 1990ರ ದಶಕದ ಆರಂಭದವರೆಗೆ ಬಹುತೇಕ ವೈದ್ಯರು ಹಾಗೆ ಹೇಳುತ್ತಿರಲಿಲ್ಲ. ಹುಡುಗಿಯರ ಎಲುಬನ್ನು ಈಸ್ಟ್ರೋಜನ್ ಮುಚ್ಚುತ್ತದೆ, ಹುಡುಗರದ್ದನ್ನು ಟೆಸ್ಟೋಸ್ಟೆರಾನ್ ಮುಚ್ಚುತ್ತದೆ ಎಂದೇ ನಂಬಿದ್ದರು. ಈ ನಂಬಿಕೆ ಮುರಿದದ್ದು ಒಬ್ಬನೇ ರೋಗಿಯಿಂದ.

1994ರಲ್ಲಿ ಅಮೆರಿಕದ ವೈದ್ಯರ ತಂಡವೊಂದು 28 ವರ್ಷದ ಒಬ್ಬ ಗಂಡಸಿನ ಬಗ್ಗೆ ವರದಿ ಪ್ರಕಟಿಸಿತು. ಮಂಡಿಗಳು ಒಳಕ್ಕೆ ಬಾಗುತ್ತಿವೆ, ಅದು ಹೆಚ್ಚುತ್ತಲೇ ಇದೆ ಎನ್ನುವುದು ಅವನ ತೊಂದರೆ. ಅಳೆದರೆ 204 ಸೆಂ.ಮೀ. ಎತ್ತರ. 16ನೇ ವಯಸ್ಸಿನಲ್ಲಿ ಅವನು 178 ಸೆಂ.ಮೀ. ಇದ್ದ, ಅದು ಅಮೆರಿಕದಲ್ಲಿ ಅಂಥ ವಿಶೇಷವೇನಲ್ಲ. ಆದರೆ ಅವನ ಗೆಳೆಯರೆಲ್ಲ ನಿಂತ ಮೇಲೂ ಅವನು ನಿಲ್ಲಲಿಲ್ಲ. ಇಪ್ಪತ್ತು ದಾಟಿದ ಮೇಲೂ ನಿಧಾನವಾಗಿ ಏರುತ್ತಲೇ ಇದ್ದ. ಎಕ್ಸ್‌ರೇಯಲ್ಲಿ ಅವನ ಎಲುಬಿನ ವಯಸ್ಸು 15. ಪಟ್ಟಿಗಳು ತೆರೆದೇ ಇದ್ದವು.

ಗಡ್ಡ, ದನಿ, ಮೈಕಟ್ಟು ಎಲ್ಲ ಪೂರ್ತಿ ಗಂಡಸಿನದು. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸರಿಯಾಗಿತ್ತು. ಎಲುಬು ಮುಚ್ಚಲು ಟೆಸ್ಟೋಸ್ಟೆರಾನ್ ಸಾಕು ಎನ್ನುವುದಾದರೆ ಇವನ ಬೆಳವಣಿಗೆ ಹತ್ತು ವರ್ಷದ ಹಿಂದೆಯೇ ನಿಲ್ಲಬೇಕಿತ್ತು. ಈಸ್ಟ್ರೋಜನ್ ನೋಡಿದರೆ ಅದೂ ಕಡಿಮೆ ಇಲ್ಲ, ಮಾಮೂಲಿಗಿಂತ ಹೆಚ್ಚೇ ಇತ್ತು. ಹೊರಗಿನಿಂದ ಇನ್ನಷ್ಟು ಈಸ್ಟ್ರೋಜನ್ ಕೊಟ್ಟು ನೋಡಿದರು, ದೇಹ ಕದಲಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಜೀನ್ ಪರೀಕ್ಷೆಯಲ್ಲಿ. ಈಸ್ಟ್ರೋಜನ್ ಬಂದು ಅಂಟಿಕೊಳ್ಳಬೇಕಾದ ಗ್ರಾಹಕ ಅವನ ದೇಹದಲ್ಲಿ ತಯಾರಾಗುತ್ತಿರಲಿಲ್ಲ. ರಕ್ತದಲ್ಲಿ ಹಾರ್ಮೋನ್ ಇತ್ತು, ಆದರೆ ಎಲುಬಿಗೆ ಅದರ ಸಂದೇಶ ತಲುಪುತ್ತಿರಲಿಲ್ಲ.

ಒಂದೇ ಪ್ರಕರಣದಿಂದ ಎಲ್ಲ ಹೇಳಲಾಗದು ಎನ್ನಬಹುದು. ಆದರೆ ಅದರ ಬೆನ್ನಿಗೇ ಇನ್ನೊಂದು ಬಗೆಯ ರೋಗಿಗಳು ಪತ್ತೆಯಾದರು. ಇವರಲ್ಲಿ ಗ್ರಾಹಕ ಸರಿ ಇತ್ತು, ಆದರೆ ಅರೊಮಾಟೇಸ್ ಕಿಣ್ವ ಇರಲಿಲ್ಲ. ಟೆಸ್ಟೋಸ್ಟೆರಾನ್ ಧಾರಾಳವಾಗಿದ್ದರೂ ಅದು ಈಸ್ಟ್ರೋಜನ್ ಆಗುತ್ತಿರಲಿಲ್ಲ. ಇವರೂ ಎತ್ತರ, ಇವರ ಪಟ್ಟಿಗಳೂ ತೆರೆದೇ ಇದ್ದವು. 1997ರಲ್ಲಿ ಇಟಲಿಯ ವೈದ್ಯರು ಇಂಥ 38 ವರ್ಷದ ಒಬ್ಬನಿಗೆ ಮೊದಲು ಟೆಸ್ಟೋಸ್ಟೆರಾನ್ ಕೊಟ್ಟಾಗ ಎಲುಬಿನಲ್ಲಿ ಬದಲಾವಣೆ ಇಲ್ಲ. ಈಸ್ಟ್ರೋಜನ್ ಕೊಟ್ಟಾಗ ಕೆಲವೇ ತಿಂಗಳಲ್ಲಿ ಪಟ್ಟಿಗಳು ಮುಚ್ಚಿದವು. 38 ವರ್ಷ ತೆರೆದಿದ್ದ ಪಟ್ಟಿಗಳು! ಇದಕ್ಕಿಂತ ನೇರವಾದ ಸಾಕ್ಷಿ ಕೇಳುವುದು ಕಷ್ಟ.

ಹಿಂದಿನ ಕಾಲದ ಒಂದು ಕುರುಹೂ ಇದಕ್ಕೆ ಹೊಂದುತ್ತದೆ. 18ನೇ ಶತಮಾನದ ಇಟಲಿಯಲ್ಲಿ ಹಾಡುಗಾರಿಕೆಗೆಂದು ಹುಡುಗರನ್ನು ಬಾಲ್ಯದಲ್ಲೇ ಬೀಜ ತೆಗೆದು ಬೆಳೆಸುತ್ತಿದ್ದರು. ಇವರು ಉದ್ದ ಕೈಕಾಲಿನ ಎತ್ತರದ ಜನ ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. ಅವರಲ್ಲಿ ಅತಿ ಹೆಸರಾದ ಫಾರಿನೆಲ್ಲಿಯ ಅಸ್ಥಿಯನ್ನು 2006ರಲ್ಲಿ ಬೊಲೋನ್ಯಾದಲ್ಲಿ ಹೊರತೆಗೆದು ಪರೀಕ್ಷಿಸಿದರು. ಆತ 77ರ ಇಳಿವಯಸ್ಸಿನಲ್ಲಿ ತೀರಿಕೊಂಡರೂ ಕೆಲವು ಎಲುಬುಗಳಲ್ಲಿ ಬೆಸೆಯದ ಗೆರೆಗಳು ಇನ್ನೂ ಕಾಣುತ್ತಿದ್ದವು. ಟೆಸ್ಟೋಸ್ಟೆರಾನ್ ಇಲ್ಲದಿದ್ದರೆ ಗಂಡಸು ಕುಳ್ಳಾಗಬೇಕು ಎಂಬ ಸಾಮಾನ್ಯ ಊಹೆಗೆ ಇದು ಪೂರ್ತಿ ವಿರುದ್ಧ.

ಟೆಸ್ಟೋಸ್ಟೆರಾನ್‌ಗೆ ಏನೂ ಪಾತ್ರವಿಲ್ಲವೇ?

ಇದೆ. ಹುಡುಗರಲ್ಲಿ ಈಸ್ಟ್ರೋಜನ್‌ಗೆ ಕಚ್ಚಾವಸ್ತುವೇ ಅದು. ಅದರ ಜೊತೆಗೆ ನೇರ ಪರಿಣಾಮವೂ ಸ್ವಲ್ಪ ಇದೆ. ಈಸ್ಟ್ರೋಜನ್ ಆಗಿ ಬದಲಾಗಲಾರದ ಕೆಲವು ಗಂಡು ಹಾರ್ಮೋನುಗಳನ್ನು ಹುಡುಗರಿಗೆ ಕೊಟ್ಟಾಗ ಬೆಳವಣಿಗೆಯ ವೇಗ ಏರುವುದನ್ನು ವೈದ್ಯರು ನೋಡಿದ್ದಾರೆ, ಪಟ್ಟಿಗಳು ಅವಸರದಲ್ಲಿ ಮುದಿಯಾಗದೆಯೇ. ಗ್ರೋತ್ ಪ್ಲೇಟಿನಲ್ಲಿ ಗಂಡು ಹಾರ್ಮೋನಿನ ಗ್ರಾಹಕಗಳೂ ಇವೆ. ಹುಡುಗರ ಓಟ ಇನ್ನಷ್ಟು ಬಿರುಸಾಗಿರುವುದರಲ್ಲಿ ಇದರ ಕೈವಾಡ ಇರಬೇಕು ಎನ್ನುವುದು ಒಪ್ಪಬಹುದಾದ ಮಾತು. ಆದರೆ ನಿಲ್ಲಿಸುವ ಅಧಿಕಾರ ಅದಕ್ಕಿಲ್ಲ. ಮೇಲಿನ ರೋಗಿಗಳು ತೋರಿಸಿದ್ದು ಅದನ್ನೇ.

ಶಾಕ್ಸ್ ಜೀನ್ ಕೂರುವ ಜಾಗ

ಈಗ ಸುದ್ದಿಯ ಜೀನ್‌ಗೆ ವಾಪಸ್ ಬರೋಣ. ಶಾಕ್ಸ್ ಗ್ರೋತ್ ಪ್ಲೇಟಿನ ಕೋಶಗಳಲ್ಲಿ ಕೆಲಸ ಮಾಡುವ ಜೀನ್. ಅದು ಎಕ್ಸ್ ಮೇಲೂ ಇದೆ, ವೈ ಮೇಲೂ ಇದೆ. ಹಾಗಾದರೆ ಗಂಡಿಗೂ ಎರಡು ಪ್ರತಿ, ಹೆಣ್ಣಿಗೂ ಎರಡು. ಲೆಕ್ಕ ಸಮ ಆಗಬೇಕಲ್ವಾ?

ಹೆಂಗಸರ ಪ್ರತಿ ಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಬಹುಮಟ್ಟಿಗೆ ನಿಷ್ಕ್ರಿಯವಾಗಿರುತ್ತದೆ. ಶಾಕ್ಸ್ ಇರುವ ತುದಿ ಈ ನಿದ್ದೆಯಿಂದ ತಪ್ಪಿಸಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ನಿಷ್ಕ್ರಿಯ ಎಕ್ಸ್ ಮೇಲಿನ ಶಾಕ್ಸ್ ಸ್ವಲ್ಪ ಮಂದವಾಗಿ ಕೆಲಸ ಮಾಡುತ್ತದೆ. ಗಂಡಸರ ವೈ ಮೇಲಿನ ಪ್ರತಿಗೆ ಅಂಥ ತಡೆ ಇಲ್ಲ. ಹೀಗೆ ಗಂಡಸರಿಗೆ ಶಾಕ್ಸ್ ಪ್ರಮಾಣ ಕೊಂಚ ಜಾಸ್ತಿ ಸಿಗುತ್ತದೆ ಎನ್ನುವುದು ಸಂಶೋಧಕರ ವಿವರಣೆ.

ಈ ಜೀನ್‌ಗೆ ನಿಜಕ್ಕೂ ಶಕ್ತಿ ಇದೆ ಎನ್ನುವುದು ಟರ್ನರ್ ಸಿಂಡ್ರೋಮ್‌ನಿಂದ ಮೊದಲೇ ಗೊತ್ತಿತ್ತು. ಇದು ಒಂದೇ ಎಕ್ಸ್ ಇಟ್ಟುಕೊಂಡು ಹುಟ್ಟುವ ಹೆಣ್ಣುಮಕ್ಕಳ ಸ್ಥಿತಿ. ಇವರ ಅಂಡಾಶಯಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಈಸ್ಟ್ರೋಜನ್ ಬರುವುದಿಲ್ಲ. ಪಟ್ಟಿಗಳು ತಡವಾಗಿ ಮುಚ್ಚಿ ಇವರು ಎತ್ತರ ಆಗಬೇಕಿತ್ತು. ಆಗುವುದು ಉಲ್ಟಾ. ಚಿಕಿತ್ಸೆ ಇಲ್ಲದಿದ್ದರೆ ಇವರು ತಮ್ಮ ಸಮುದಾಯದ ಹೆಂಗಸರ ಸರಾಸರಿಗಿಂತ ಸುಮಾರು 20 ಸೆಂ.ಮೀ. ಕಡಿಮೆ ಎತ್ತರದಲ್ಲಿ ನಿಲ್ಲುತ್ತಾರೆ. ಶಾಕ್ಸ್‌ನ ಒಂದು ಪ್ರತಿ ಇಲ್ಲದಿರುವುದು ಇದಕ್ಕೆ ಮುಖ್ಯ ಕಾರಣ.

ಹಾರ್ಮೋನ್ ಪಾಲು ಮತ್ತು ಜೀನ್ ಪಾಲು ಎರಡನ್ನೂ ಒಟ್ಟಿಗೆ ತೋರಿಸುವ ಇನ್ನೊಂದು ಸ್ಥಿತಿ ಇದೆ. ಕೆಲವರು ಎಕ್ಸ್ ಮತ್ತು ವೈ ಎರಡನ್ನೂ ಪಡೆದು ಹುಟ್ಟುತ್ತಾರೆ, ಆದರೆ ಅವರ ದೇಹ ಗಂಡು ಹಾರ್ಮೋನಿಗೆ ಸ್ವಲ್ಪವೂ ಸ್ಪಂದಿಸುವುದಿಲ್ಲ. ಹೊರಗಿನಿಂದ ಹೆಣ್ಣಿನ ದೇಹ, ಹೆಂಗಸರಾಗಿಯೇ ಬಾಳುತ್ತಾರೆ. ಇವರ ಸರಾಸರಿ ಎತ್ತರ ಹೆಂಗಸರ ಸರಾಸರಿಗಿಂತ ಮೇಲೆ, ಗಂಡಸರ ಸರಾಸರಿಗಿಂತ ಕೆಳಗೆ. ಗಂಡು ಹಾರ್ಮೋನಿನ ನೇರ ನೆರವು ಸೊನ್ನೆ ಇದ್ದರೂ ಹೆಂಗಸರಿಗಿಂತ ಎತ್ತರ ಇದ್ದಾರೆ ಎಂದರೆ ವೈ ಮೇಲಿನ ಏನೋ ಒಂದು ಕೆಲಸ ಮಾಡುತ್ತಿದೆ. ಗಂಡಸರಷ್ಟು ಎತ್ತರ ಇಲ್ಲ ಎಂದರೆ ವೈ ಒಂದೇ ಸಾಲದು. 2025ರ ಅಧ್ಯಯನ ಈ ‘ಏನೋ ಒಂದು’ ಯಾವುದು, ಎಷ್ಟು ಎನ್ನುವುದಕ್ಕೆ ಹೆಸರು ಮತ್ತು ಅಳತೆ ಕೊಟ್ಟಿತು. ನನ್ನ ಓದಿನಲ್ಲಿ ಅದರ ಬೆಲೆ ಇರುವುದು ಇಲ್ಲಿ.

ಪೈಪೋಟಿಯ ವಾದ ಮತ್ತು ಅಂಡಾಶಯದ ವಾದ

ಹೇಗೆ ಎಂಬ ಪ್ರಶ್ನೆ ಮುಗಿದ ಮೇಲೂ ‘ವಿಕಾಸದಲ್ಲಿ ಹೀಗೇಕಾಯಿತು’ ಎಂಬ ಪ್ರಶ್ನೆ ಉಳಿಯುತ್ತದೆ. ಹಳೆಯ ಉತ್ತರ ಹೀಗಿದೆ: ಗಂಡುಗಳು ಸಂಗಾತಿಗಾಗಿ ಪರಸ್ಪರ ಸೆಣಸಿದವು, ದೊಡ್ಡವು ಗೆದ್ದವು, ದೊಡ್ಡ ಮೈ ಮುಂದಿನ ಪೀಳಿಗೆಗೆ ಹೋಯಿತು. ಗೊರಿಲ್ಲಾಗಳಲ್ಲಿ ಗಂಡಿನ ತೂಕ ಹೆಣ್ಣಿನದಕ್ಕಿಂತ ಸುಮಾರು ಎರಡು ಪಟ್ಟು, ಅಲ್ಲಿ ಈ ವಾದ ಚೆನ್ನಾಗಿ ನಿಲ್ಲುತ್ತದೆ.

ಅಮೆರಿಕದ ಮಾನವಶಾಸ್ತ್ರಜ್ಞೆ ಹಾಲಿ ಡನ್ಸ್‌ವರ್ತ್ 2020ರಲ್ಲಿ ಇದನ್ನು ಪ್ರಶ್ನಿಸಿದರು. ಹೆಂಗಸಿನ ದೇಹಕ್ಕೆ ಮುಟ್ಟು, ಬಸಿರು ಇವಕ್ಕಾಗಿ ಹೆಚ್ಚು ಈಸ್ಟ್ರೋಜನ್ ಬೇಕು. ಅದೇ ಈಸ್ಟ್ರೋಜನ್ ಎಲುಬನ್ನು ಬೇಗ ಮುಚ್ಚುತ್ತದೆ. ಹಾಗಿರುವಾಗ ಮನುಷ್ಯರ ಎತ್ತರದ ಅಂತರ ಅಂಡಾಶಯದ ಕೆಲಸದ ಜೊತೆ ತಾನಾಗಿ ಬಂದದ್ದು ಇರಬಹುದು, ಗಂಡಸರ ಕಾದಾಟದ ಕಥೆ ಕಟ್ಟಲೇಬೇಕೆಂದಿಲ್ಲ ಎನ್ನುವುದು ಅವರ ವಾದ. ಮನುಷ್ಯರ ಮಟ್ಟಿಗೆ ಈ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಅದು ಕಣ್ಣಿಗೆ ಕಾಣುವ ಕ್ರಿಯೆಯಿಂದ ಶುರುವಾಗುತ್ತದೆ. ಆದರೆ ಎದುರು ಪಕ್ಷದ ಒಂದು ಪ್ರಶ್ನೆ ಗಟ್ಟಿಯಾಗಿದೆ: ಹುಡುಗರ ಪ್ರೌಢಾವಸ್ಥೆಯ ಓಟ ಇಷ್ಟು ತಡವಾಗಿ, ಇಷ್ಟು ಬಿರುಸಾಗಿ ಇರುವುದು ಯಾಕೆ? ಅಂಡಾಶಯದ ವಾದ ಒಂದರಿಂದಲೇ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ.

ಆಸ್ಪತ್ರೆಯಲ್ಲಿ, ಜಿಮ್ಮಿನಲ್ಲಿ

ಈಸ್ಟ್ರೋಜನ್ ಮೊದಲು ಓಡಿಸಿ ಆಮೇಲೆ ನಿಲ್ಲಿಸುತ್ತದೆ ಎಂಬ ಮಾತನ್ನು ಅಪ್ಪ ಅಮ್ಮಂದಿರು ತಿಳಿದಿರಬೇಕಾದ ಮೊದಲ ಜಾಗ, ಪ್ರೌಢಾವಸ್ಥೆ ತೀರ ಬೇಗ ಶುರುವಾಗುವ ಮಕ್ಕಳದು. ಹುಡುಗಿಯರಲ್ಲಿ 8 ವರ್ಷಕ್ಕಿಂತ ಮುಂಚೆ, ಹುಡುಗರಲ್ಲಿ 9ಕ್ಕಿಂತ ಮುಂಚೆ ಲಕ್ಷಣ ಕಂಡರೆ ವೈದ್ಯರು ಪರೀಕ್ಷೆ ಮಾಡಿಸಲು ಹೇಳುತ್ತಾರೆ. ಮೋಸ ಹೋಗುವುದು ಸುಲಭ. ಆ ಮಗು ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ ಇರುತ್ತದೆ, ಮನೆಯವರು ಖುಷಿಪಡುತ್ತಾರೆ. ಎಕ್ಸ್‌ರೇ ತೆಗೆದರೆ ಏಳು ವರ್ಷದ ಮಗುವಿನ ಎಲುಬಿನ ವಯಸ್ಸು ಹತ್ತು ಎಂದು ಬರಬಹುದು. ಹಾಗೇ ಬಿಟ್ಟರೆ ಪಟ್ಟಿಗಳು ಬೇಗ ಮುಚ್ಚಿ, ಇಂದು ಎತ್ತರ ಇರುವ ಮಗು ದೊಡ್ಡವಳಾದಾಗ ಗೆಳತಿಯರಿಗಿಂತ ಕುಳ್ಳಾಗಿ ಉಳಿಯುತ್ತಾಳೆ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ನಿಂದ ಪ್ರೌಢಾವಸ್ಥೆಯನ್ನು ತಡೆದು ನಿಲ್ಲಿಸಬಹುದು. ಆರು ವರ್ಷಕ್ಕಿಂತ ಮುಂಚೆ ಶುರುವಾದ ಮಕ್ಕಳಿಗೆ ಇದರಿಂದ ಎತ್ತರದ ಲಾಭ ಚೆನ್ನಾಗಿದೆ. ಎಂಟರ ಹತ್ತಿರ ಶುರುವಾದವರಿಗೆ ಲಾಭ ಕಡಿಮೆ. ಆದ್ದರಿಂದ ಎಲ್ಲರಿಗೂ ಇಂಜೆಕ್ಷನ್ ಬೇಕಾಗುವುದಿಲ್ಲ.

ಇದೇ ತಿಳಿವಳಿಕೆಯನ್ನು ಒಮ್ಮೆ ತಪ್ಪಾಗಿ ಬಳಸಿದ್ದೂ ಇದೆ. 20ನೇ ಶತಮಾನದ ಎರಡನೇ ಅರ್ಧದಲ್ಲಿ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ‘ತೀರ ಎತ್ತರ ಆದರೆ ಮದುವೆ ಆಗುವುದು ಕಷ್ಟ’ ಎಂಬ ಭಯದಿಂದ ಆರೋಗ್ಯವಂತ ಹುಡುಗಿಯರಿಗೆ ಭಾರೀ ಪ್ರಮಾಣದ ಈಸ್ಟ್ರೋಜನ್ ಕೊಟ್ಟು ಎಲುಬು ಮುಚ್ಚಿಸಿದರು. ಕೆಲವು ಸೆಂ.ಮೀ. ಕಡಿಮೆ ಆಯಿತು ನಿಜ. 2004ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ, ಹೀಗೆ ಚಿಕಿತ್ಸೆ ಪಡೆದ ಹೆಂಗಸರಿಗೆ ಮುಂದೆ ಗರ್ಭ ನಿಲ್ಲುವುದು ಹೆಚ್ಚು ಕಷ್ಟವಾಯಿತು ಎಂದು ತೋರಿಸಿತು. ಕಾಯಿಲೆಯೇ ಇಲ್ಲದ ಮಕ್ಕಳಿಗೆ ಕೊಟ್ಟ ಔಷಧಿ ಅದು, ಇದನ್ನು ಓದುವಾಗ ಸಿಟ್ಟು ಬರುತ್ತದೆ.

ಇವತ್ತಿನ ಅಪಾಯ ಇನ್ನೊಂದು ಕಡೆ ಇದೆ. ಜಿಮ್ಮಿಗೆ ಹೋಗುವ 15, 16ರ ಹುಡುಗರು ಮೈಕಟ್ಟಿಗಾಗಿ ಟೆಸ್ಟೋಸ್ಟೆರಾನ್ ಅಥವಾ ಅದರ ಬಳಗದ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ, ಗಂಡು ಹಾರ್ಮೋನ್ ತಾನೇ, ಎತ್ತರವೂ ಏರುತ್ತದೆ ಎಂದುಕೊಳ್ಳಬಹುದು. ಹೊರಗಿನಿಂದ ಬಂದ ಟೆಸ್ಟೋಸ್ಟೆರಾನನ್ನೂ ಅರೊಮಾಟೇಸ್ ಬಿಡುವುದಿಲ್ಲ, ಅದರಲ್ಲಿ ಒಂದು ಪಾಲನ್ನು ಈಸ್ಟ್ರೋಜನ್ ಮಾಡುತ್ತದೆ. ಇನ್ನೂ ತೆರೆದಿದ್ದ ಪಟ್ಟಿಗಳು ಅವಧಿಗೆ ಮುಂಚೆ ಮುಚ್ಚುತ್ತವೆ, ಬರಬೇಕಿದ್ದ ಎತ್ತರ ಬರುವುದೇ ಇಲ್ಲ. ಪ್ರೌಢಾವಸ್ಥೆ ತಡವಾದ ಹುಡುಗರಿಗೆ ವೈದ್ಯರು ಟೆಸ್ಟೋಸ್ಟೆರಾನ್ ಕೊಡುವುದುಂಟು, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ, ಕೆಲವೇ ತಿಂಗಳು, ಎಲುಬಿನ ವಯಸ್ಸು ನೋಡಿಕೊಂಡು. ಅರೊಮಾಟೇಸನ್ನೇ ತಡೆಯುವ ಮಾತ್ರೆಗಳಿಂದ ಕುಳ್ಳ ಹುಡುಗರ ಬೆಳವಣಿಗೆಯ ಅವಧಿ ಹಿಗ್ಗಿಸುವ ಪ್ರಯತ್ನಗಳೂ ನಡೆದಿವೆ. ಈ ಮಾತ್ರೆಗಳು ಮೂಲತಃ ಸ್ತನ ಕ್ಯಾನ್ಸರಿಗೆ ಬಂದವು. ಈಸ್ಟ್ರೋಜನ್ ಎಲುಬಿನ ಗಟ್ಟಿತನಕ್ಕೂ ಬೇಕು, ಆ 204 ಸೆಂ.ಮೀ. ಎತ್ತರದವನ ಎಲುಬುಗಳು ಟೊಳ್ಳಾಗಿದ್ದವು. ಹುಡುಗರ ಬೆನ್ನೆಲುಬಿನ ಮೇಲೆ ಈ ಮಾತ್ರೆಗಳ ಪರಿಣಾಮದ ಬಗ್ಗೆ ವೈದ್ಯರಿಗೆ ಇರುವ ಚಿಂತೆ ಇದೇ.

ಮಾರ್ಕೆಟ್ಟಿನಲ್ಲಿ ಸಿಗುವ ಎತ್ತರದ ಪುಡಿ, ಬಾರ್‌ಗೆ ಜೋತುಬೀಳುವ ಕಸರತ್ತು ಇವುಗಳ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಪಟ್ಟಿ ತೆರೆದಿದೆಯಾ? ಮುಚ್ಚಿದ್ದರೆ ಪುಡಿಗೆ ಮಾಡಲು ಕೆಲಸವೇ ಇಲ್ಲ. ತೆರೆದಿದ್ದರೆ ಮಗುವಿಗೆ ಬೇಕಾದ್ದು ಊಟ, ನಿದ್ದೆ, ಮತ್ತು ಬೆಳವಣಿಗೆ ನಿಜಕ್ಕೂ ಹಿಂದೆ ಬಿದ್ದಿದ್ದರೆ ಕಾರಣ ಹುಡುಕುವ ಡಾಕ್ಟರ್. ತೆರೆದಿದೆಯೋ ಇಲ್ಲವೋ ಎಂದು ಎಡಗೈಯ ಒಂದು ಎಕ್ಸ್‌ರೇ ಹೇಳಿಬಿಡುತ್ತದೆ.